ಅಗ್ಗದ ವಿಚಾರಣೆ, ದುಬಾರಿ ಫ್ಲ್ಯಾಟು

ವೈಟ್‌ಫೀಲ್ಡ್ ಕಡೆಯ ಒಂದು ಅಪಾರ್ಟ್‌ಮೆಂಟಿನ ಜಾಹೀರಾತಿಗೆ ಎರಡು ಕಡೆ ತಲಾ 1 ಲಕ್ಷ ರೂಪಾಯಿ ಹಾಕಿದರು ಎನ್ನೋಣ. ಫೇಸ್‌ಬುಕ್ ಫಾರ್ಮ್‌ನಿಂದ 400 ವಿಚಾರಣೆ ಬಂತು, ತಲಾ 250 ರೂಪಾಯಿ. ಗೂಗಲ್ ಹುಡುಕಾಟದಿಂದ ಬಂದದ್ದು 100, ತಲಾ 1,000. ಮೊದಲನೆಯದೇ ಲಾಭವೆಂದು ಕಾಣುತ್ತದೆ. ಆದರೆ ಅಲ್ಲಿಂದ ಸೈಟ್ ನೋಡಲು ಬಂದವರು 5 ಮಂದಿ, ಇಲ್ಲಿಂದ 10. ಒಂದು ಭೇಟಿಗೆ ಅಲ್ಲಿ 20,000, ಇಲ್ಲಿ 10,000 ರೂಪಾಯಿ ಬಿತ್ತು.

ಫೇಸ್‌ಬುಕ್ ಫಾರ್ಮ್‌ನಲ್ಲಿ ಹೆಸರು, ನಂಬರು ಮೊದಲೇ ತುಂಬಿರುತ್ತವೆ. ಬೆರಳು ತಾಗಿದರೆ ಸಾಕು. ಹಾಗಾಗಿ ಕರೆ ಮಾಡಿದಾಗ “ನಾನು ಕೇಳೇ ಇಲ್ವಲ್ಲ” ಎನ್ನುವವರು ಹೆಚ್ಚು. ಬಜೆಟ್ ಎಷ್ಟು, ಯಾವಾಗ ಬೇಕು ಎಂಬ ಎರಡು ಪ್ರಶ್ನೆ ಸೇರಿಸಿದರೆ ವಿಚಾರಣೆ ಕಡಿಮೆಯಾಗುತ್ತದೆ, ಉಳಿದವರು ಮಾತಿಗೆ ಸಿಗುತ್ತಾರೆ.

ಮನೆಯವರೆಲ್ಲ ಒಪ್ಪಿ, ಬ್ಯಾಂಕ್ ಸಾಲ ನಿಕ್ಕಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಅಷ್ಟು ದಿನ “ಡಿಸೈಡ್ ಮಾಡಿದ್ರಾ ಸಾರ್?” ಎಂದು ಪೀಡಿಸಿದರೆ ನಂಬರ್ ಬ್ಲಾಕ್ ಆಗುತ್ತದೆ. ಅದರ ಬದಲು ರೇರಾ ನೋಂದಣಿ ಸಂಖ್ಯೆ, ಕಂತಿನ ಲೆಕ್ಕ, ಕಾಮಗಾರಿಯ ಹೊಸ ಫೋಟೊ ಕಳಿಸಿ. ಜನವರಿಯ ವಿಚಾರಣೆಗಳನ್ನು ಜನವರಿಯಲ್ಲೇ ತೂಗಬೇಡಿ. ಅವುಗಳಲ್ಲಿ ಎಷ್ಟು ಬುಕಿಂಗ್ ಆದವು ಎಂಬುದನ್ನು ಜೂನ್‌ನಲ್ಲಿ ನೋಡಿ, ಆಮೇಲೆ ಜಾಹೀರಾತು ನಿಲ್ಲಿಸುವ ಮಾತಾಡಿ.