ಸಿಂಗಪುರದ 8.7ರಲ್ಲಿ ಯಾರ ಪಾಲು ಎಷ್ಟು?

ಕುಡಿಯುವ ನೀರನ್ನೂ ಪಕ್ಕದ ಮಲೇಷ್ಯಾದಿಂದ ತರಿಸಿಕೊಳ್ಳಬೇಕಿದ್ದ ಸಿಂಗಪುರದ ಉತ್ಪಾದನೆ 1966ರಿಂದ 1990ರವರೆಗೆ ವರ್ಷಕ್ಕೆ ಸರಾಸರಿ ಶೇ 8.7ರಂತೆ ಬೆಳೆಯಿತು. ಅಂದರೆ 24 ವರ್ಷಗಳಲ್ಲಿ ಸುಮಾರು ಎಂಟು ಪಟ್ಟು. ಜಗತ್ತು ಇದನ್ನು ಪವಾಡ ಎಂದು ಕೊಂಡಾಡುತ್ತಿದ್ದಾಗ, ಆಲ್ವಿನ್ ಯಂಗ್ ಎಂಬ ಅರ್ಥಶಾಸ್ತ್ರಜ್ಞ 1995ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಅವರ ಪ್ರಕಾರ ಆ 8.7ರಲ್ಲಿ ಉತ್ಪಾದಕತೆಯ ಪಾಲು ಬರೀ 0.2. ಉಳಿದದ್ದೆಲ್ಲ ಹೆಚ್ಚು ಹಣ ಹೂಡಿದ್ದರಿಂದ, ಹೆಚ್ಚು ಜನ ದುಡಿದದ್ದರಿಂದ ಬಂದದ್ದು. ಪವಾಡ ಎನ್ನುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಈ 0.2 ಬಂದದ್ದು ಹೇಗೆ ಎಂಬುದು ಗೊತ್ತಾದರೆ, ಬೆಳವಣಿಗೆಯ ಲೆಕ್ಕಗಾರಿಕೆ ಎಂಬ ವಿದ್ಯೆಯ ಮುಕ್ಕಾಲು ಪಾಲು ಅರ್ಥವಾದಂತೆ.

ಯಂಗ್ ಮೊದಲು ಎರಡು ವೇಗಗಳನ್ನು ಅಳೆದರು. ಸಿಂಗಪುರದ ಕಾರ್ಖಾನೆ, ಕಟ್ಟಡ, ಯಂತ್ರ, ಬಂದರುಗಳೆಲ್ಲ ಸೇರಿದ ಬಂಡವಾಳ ವರ್ಷಕ್ಕೆ ಶೇ 11.5ರಂತೆ ಹೆಚ್ಚಿತ್ತು. ದುಡಿಮೆ ಶೇ 5.7ರಂತೆ ಹೆಚ್ಚಿತ್ತು. ದುಡಿಮೆಯನ್ನು ಅಳೆಯುವಾಗ ತಲೆ ಎಣಿಸಿದರೆ ಸಾಲದು. ಓದಿದ, ಅನುಭವವುಳ್ಳ ಕೆಲಸಗಾರನಿಗೆ ಹೆಚ್ಚು ಸಂಬಳ ಸಿಗುವುದರಿಂದ ಅವನ ಒಂದು ಗಂಟೆಗೆ ಹೆಚ್ಚು ತೂಕ ಕೊಡಬೇಕು. ಶಾಲೆಗಳು ಹೆಚ್ಚಿದ್ದರ ಫಲವೂ ಹೀಗೆ ದುಡಿಮೆಯ ಲೆಕ್ಕಕ್ಕೇ ಸೇರಿಬಿಡುತ್ತದೆ.

ಆದರೆ ಯಂತ್ರವನ್ನೂ ಕೆಲಸದ ಗಂಟೆಯನ್ನೂ ಕೂಡಿಸುವುದು ಹೇಗೆ? ಇದಕ್ಕೆ ಉತ್ತರ ಸಿಗುವುದು ದೇಶದ ಆದಾಯದ ಹಂಚಿಕೆಯಲ್ಲಿ. ಉತ್ಪಾದನೆಯಾದ ಪ್ರತಿ ನೂರು ಡಾಲರ್ ಕೊನೆಗೆ ಯಾರದಾದರೂ ಜೇಬು ಸೇರಬೇಕು. ಒಂದಷ್ಟು ಸಂಬಳವಾಗಿ ದುಡಿದವರಿಗೆ, ಉಳಿದದ್ದು ಲಾಭ, ಬಡ್ಡಿ, ಬಾಡಿಗೆಯಾಗಿ ಬಂಡವಾಳದ ಒಡೆಯರಿಗೆ. ಸಿಂಗಪುರದಲ್ಲಿ ದುಡಿದವರ ಪಾಲು ಸುಮಾರು 51, ಬಂಡವಾಳದ್ದು 49. ಯಂಗ್ ಈ ಪಾಲುಗಳನ್ನೇ ತೂಕದ ಕಲ್ಲಾಗಿ ಬಳಸಿದರು. ಇದರ ಹಿಂದಿನ ತರ್ಕ ಸರಳ. ಇನ್ನೊಬ್ಬನನ್ನು ಕೆಲಸಕ್ಕೆ ಸೇರಿಸಿಕೊಂಡರೆ ಎಷ್ಟು ಹೆಚ್ಚು ಉತ್ಪಾದನೆಯಾಗುತ್ತದೋ ಅಷ್ಟರ ತನಕ ಮಾತ್ರ ಮಾಲೀಕ ಸಂಬಳ ಕೊಡುತ್ತಾನೆ. ಹಾಗಾಗಿ ದುಡಿಮೆಗೆ ಸಿಗುವ ಪಾಲು ಅದರ ಕೊಡುಗೆಯನ್ನೇ ತೋರಿಸುತ್ತದೆ. ದುಡಿಮೆ ಶೇ 1ರಷ್ಟು ಹೆಚ್ಚಿದರೆ ಉತ್ಪಾದನೆ ಶೇ 0.51ರಷ್ಟು ಹೆಚ್ಚುತ್ತದೆ ಎಂದು ಇಟ್ಟುಕೊಳ್ಳಬಹುದು.

ಇನ್ನು ಗುಣಾಕಾರವಷ್ಟೇ. ಬಂಡವಾಳದ 11.5ನ್ನು 0.49ರಿಂದ ಗುಣಿಸಿದರೆ 5.6. ದುಡಿಮೆಯ 5.7ನ್ನು 0.51ರಿಂದ ಗುಣಿಸಿದರೆ 2.9. ಎರಡೂ ಸೇರಿ 8.5. ಒಟ್ಟು ಬೆಳವಣಿಗೆ 8.7, ಮಿಕ್ಕಿದ್ದು 0.2. ಇದಕ್ಕೇ ಒಟ್ಟು ಅಂಶ ಉತ್ಪಾದಕತೆ ಅಥವಾ ಟಿಎಫ್‌ಪಿ ಎಂಬ ಗಂಭೀರ ಹೆಸರು.

ಹೆಸರು ಗಂಭೀರವಾದರೂ ಇದನ್ನು ಯಾರೂ ನೇರವಾಗಿ ಅಳೆದಿಲ್ಲ ಎಂಬುದು ನೆನಪಿರಲಿ. ತಿಂಗಳ ಮನೆಖರ್ಚು ಬರೆದಿಡುವವರ ಪುಸ್ತಕದಲ್ಲಿ ಲೆಕ್ಕ ತಾಳೆಯಾಗದಾಗ ಬರೆಯುವ ‘ಇತರೆ’ ಎಂಬ ಸಾಲಿನಂಥದ್ದು ಇದು. ಹೊಸ ತಂತ್ರಜ್ಞಾನ, ಒಳ್ಳೆಯ ಆಡಳಿತ, ಜಾಣತನ ಎಲ್ಲವೂ ಅದರಲ್ಲಿವೆ. ಅಳತೆಯ ತಪ್ಪುಗಳೂ ಅಲ್ಲೇ ಅಡಗಿವೆ. ರಾಬರ್ಟ್ ಸೊಲೊ 1957ರಲ್ಲಿ ಅಮೆರಿಕದ 1909ರಿಂದ 1949ರ ಅಂಕಿಅಂಶಗಳಿಗೆ ಈ ವಿಧಾನವನ್ನು ಅನ್ವಯಿಸಿದಾಗ, ಕೆಲಸದ ಗಂಟೆಯೊಂದರ ಉತ್ಪಾದನೆಯಲ್ಲಿ ಆದ ಏರಿಕೆಯ ಎಂಟರಲ್ಲಿ ಏಳು ಪಾಲು ಈ ‘ಇತರೆ’ಗೇ ಹೋಗಿತ್ತು. ಅದಕ್ಕೂ ಒಂದು ವರ್ಷ ಮೊದಲೇ ಮೋಸೆಸ್ ಅಬ್ರಮೊವಿಟ್ಜ್, ಇದು ನಮಗೆ ಎಷ್ಟು ತಿಳಿದಿಲ್ಲ ಎಂಬುದರ ಅಳತೆ ಎಂದು ಎಚ್ಚರಿಸಿದ್ದರು. ಅಮೆರಿಕದಲ್ಲಿ ಬೆಟ್ಟದಷ್ಟಿದ್ದ ಶೇಷ ಸಿಂಗಪುರದಲ್ಲಿ ಇಲ್ಲವೆನ್ನುವಷ್ಟು ಚಿಕ್ಕದಾಗಿತ್ತು. ಯಂಗ್ ಅವರ ಫಲಿತಾಂಶ ಗದ್ದಲವೆಬ್ಬಿಸಿದ್ದು ಇದಕ್ಕೇ.

ಅದು ಪ್ರಕಟವಾಗುವ ಮುನ್ನವೇ, 1994ರಲ್ಲಿ, ಪಾಲ್ ಕ್ರುಗ್‌ಮನ್ ಈ ಲೆಕ್ಕವನ್ನು ಸಾಮಾನ್ಯ ಓದುಗರ ಮುಂದಿಟ್ಟು ಸಿಂಗಪುರವನ್ನು ಸ್ಟಾಲಿನ್ ಕಾಲದ ಸೋವಿಯತ್ ಒಕ್ಕೂಟಕ್ಕೆ ಹೋಲಿಸಿದರು. ಹೋಲಿಕೆ ಖಾರವಾಗಿತ್ತು, ಅಂಕಿಗಳು ಮಾತ್ರ ಗಟ್ಟಿಯಾಗಿದ್ದವು. 1966ರಲ್ಲಿ ಸಿಂಗಪುರದ ಜನಸಂಖ್ಯೆಯ ಶೇ 27 ಮಂದಿ ಉದ್ಯೋಗದಲ್ಲಿದ್ದರು. 1990ಕ್ಕೆ ಅದು ಶೇ 51. ಉತ್ಪಾದನೆಯ ಶೇ 11ರಷ್ಟಿದ್ದ ಹೂಡಿಕೆ ಶೇ 40 ದಾಟಿತ್ತು. ಶೇ 51ನ್ನು ಮತ್ತೆ ಹೆಚ್ಚುಕಡಿಮೆ ದುಪ್ಪಟ್ಟು ಮಾಡಲು ಹೊರಟರೆ ಕೂಸುಗಳೂ ಮುದುಕರೂ ಕೆಲಸಕ್ಕೆ ಹೋಗಬೇಕಾದೀತು. ಆದ್ದರಿಂದ ಈ ವೇಗ ಬಹುಕಾಲ ಉಳಿಯುವಂಥದ್ದಲ್ಲ ಎಂಬುದು ಕ್ರುಗ್‌ಮನ್ ವಾದ.

ಇಲ್ಲಿ ನನಗೊಂದು ತಕರಾರಿದೆ. ಇಡೀ ವಾದ ನಿಂತಿರುವುದು 0.49 ಎಂಬ ಆ ತೂಕದ ಕಲ್ಲಿನ ಮೇಲೆ. ಬೇರೆ ಅನೇಕ ದೇಶಗಳ ಲೆಕ್ಕದಲ್ಲಿ ಬಳಸುವಂತೆ ಬಂಡವಾಳಕ್ಕೆ ಮೂರನೇ ಒಂದು ಪಾಲು, ದುಡಿಮೆಗೆ ಮೂರನೇ ಎರಡು ಪಾಲು ಇಟ್ಟು ನೋಡಿ. ಬಂಡವಾಳದ ಕೊಡುಗೆ 5.6ರಿಂದ 3.8ಕ್ಕೆ ಇಳಿಯುತ್ತದೆ. ದುಡಿಮೆಯದು 3.8ಕ್ಕೆ ಏರುತ್ತದೆ. ಶೇಷ 0.2ರಿಂದ 1.1ಕ್ಕೆ ಜಿಗಿಯುತ್ತದೆ. ಯಂತ್ರಗಳೂ ಅವೇ, ಕೆಲಸಗಾರರೂ ಅವರೇ. ಬದಲಾದದ್ದು ಕಲ್ಲು ಮಾತ್ರ. ಬಂಡವಾಳ ದುಡಿಮೆಗಿಂತ ವೇಗವಾಗಿ ಬೆಳೆಯುವ ದೇಶದಲ್ಲಿ ಬಂಡವಾಳದ ಪಾಲನ್ನು ಹೆಚ್ಚು ಎಂದುಕೊಂಡಷ್ಟೂ ಉತ್ಪಾದಕತೆ ಕುಗ್ಗಿ ಕಾಣುತ್ತದೆ. ಏಕಸ್ವಾಮ್ಯದಿಂದ ಬಂದ ಲಾಭವೂ ಬಂಡವಾಳದ ಪಾಲಿನಲ್ಲೇ ಸೇರಿಕೊಂಡಿದ್ದರೆ, ಪಾಲು ಕೊಡುಗೆಯನ್ನು ತೋರಿಸುತ್ತದೆ ಎಂಬ ತರ್ಕವೇ ಸಡಿಲವಾಗುತ್ತದೆ.

ಚಾಂಗ್-ತಾಯ್ ಸೀ ಎಂಬ ಮತ್ತೊಬ್ಬ ಅರ್ಥಶಾಸ್ತ್ರಜ್ಞ 2002ರಲ್ಲಿ ಇದನ್ನು ಬೇರೆ ಬಾಗಿಲಿನಿಂದ ಪರೀಕ್ಷಿಸಿದರು. ಅಷ್ಟೊಂದು ಬಂಡವಾಳ ರಾಶಿ ಬಿದ್ದು ಉತ್ಪಾದಕತೆ ನಿಂತಲ್ಲೇ ನಿಂತಿದ್ದರೆ, ಬಂಡವಾಳದ ಮೇಲಿನ ಪ್ರತಿಫಲ ಜೋರಾಗಿ ಕುಸಿಯಬೇಕಿತ್ತು. ಬಡ್ಡಿ ದರ, ಷೇರು ಗಳಿಕೆ ಮುಂತಾದ ಮಾರುಕಟ್ಟೆಯ ಲೆಕ್ಕ ತೆಗೆದು ನೋಡಿದರೆ ಅಂಥ ಕುಸಿತ ಕಾಣಲಿಲ್ಲ. ಸಂಬಳವಂತೂ ಏರಿತ್ತು. ಯಂತ್ರ, ದುಡಿಮೆ ಎರಡರ ಪ್ರತಿಫಲದ ಬೆಳವಣಿಗೆಯನ್ನು ಅದೇ ಪಾಲುಗಳಿಂದ ತೂಗಿದಾಗ ಅವರಿಗೆ ಸಿಕ್ಕ ಉತ್ಪಾದಕತೆ ಸುಮಾರು ಎರಡು ಶೇಕಡಾಂಶ ಹೆಚ್ಚಿತ್ತು. ಸಿಂಗಪುರದ ಸರ್ಕಾರಿ ಲೆಕ್ಕಗಳೇ ಹೂಡಿಕೆಯನ್ನು ಹೆಚ್ಚಾಗಿ ತೋರಿಸಿರಬೇಕು ಎಂಬುದು ಅವರ ಅನುಮಾನ. ಎರಡೂ ದಾರಿಗಳು ಒಂದೇ ಉತ್ತರಕ್ಕೆ ತಲುಪಬೇಕು. ತಲುಪದಿದ್ದರೆ ಮೂಲ ಅಂಕಿಗಳಲ್ಲೇ ಎಲ್ಲೋ ದೋಷವಿದೆ ಎಂದರ್ಥ.

ನಮ್ಮ ದೇಶದ ಲೆಕ್ಕದಲ್ಲಿ ತೂಕದ ಕಲ್ಲು ಹುಡುಕುವುದು ಇನ್ನೂ ಕಷ್ಟ. ರಿಸರ್ವ್ ಬ್ಯಾಂಕು ‘ಇಂಡಿಯಾ ಕೆಎಲ್‌ಇಎಂಎಸ್’ ಎಂಬ ಹೆಸರಿನಲ್ಲಿ ಉದ್ದಿಮೆವಾರು ಉತ್ಪಾದಕತೆಯ ಅಂಕಿಅಂಶ ಪ್ರಕಟಿಸುತ್ತದೆ. ಆದರೆ ಭಾರತದಲ್ಲಿ ದುಡಿಯುವವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ವಂತ ಉದ್ಯೋಗದವರು. ಕಿರಾಣಿ ಅಂಗಡಿಯವನ ತಿಂಗಳ ಗಳಿಕೆಯಲ್ಲಿ ಅವನ ದುಡಿಮೆಯ ಕೂಲಿ ಎಷ್ಟು, ಅಂಗಡಿಗೆ ಹಾಕಿದ ಹಣದ ಪ್ರತಿಫಲ ಎಷ್ಟು? ಅವನಿಗೇ ಗೊತ್ತಿರುವುದಿಲ್ಲ. ಅಂಥವರ ಗಳಿಕೆಯನ್ನೆಲ್ಲ ಲಾಭವೆಂದು ಬರೆದುಕೊಂಡರೆ ಬಂಡವಾಳದ ಪಾಲು ಉಬ್ಬುತ್ತದೆ. ಅದಕ್ಕಾಗಿ, ಅವರಂತೆಯೇ ಕೆಲಸ ಮಾಡುವ ಸಂಬಳದಾರರ ಕೂಲಿಯನ್ನು ನೋಡಿ ಅವರ ದುಡಿಮೆಗೂ ಬೆಲೆ ಕಟ್ಟುತ್ತಾರೆ. ಯಂಗ್ ಕೂಡ ಹೀಗೆಯೇ ಅಂದಾಜು ಮಾಡಿದ್ದರು. ಬೇರೆ ದಾರಿಯಿಲ್ಲ, ಆದರೂ ಅದು ಅಂದಾಜೇ.

ಮುಂದೆ ಪತ್ರಿಕೆಯಲ್ಲಿ ಉತ್ಪಾದಕತೆ ಶೇ ಇಷ್ಟು ಏರಿತು ಎಂಬ ಸುದ್ದಿ ಕಂಡರೆ, ದುಡಿಮೆಯ ಪಾಲನ್ನು ಎಷ್ಟೆಂದು ಹಿಡಿದಿದ್ದಾರೆ, ಸ್ವಂತ ಉದ್ಯೋಗದವರ ಗಳಿಕೆಯನ್ನು ಯಾವ ಖಾತೆಗೆ ಬರೆದಿದ್ದಾರೆ ಎಂಬುದನ್ನು ಹುಡುಕಿ ನೋಡಿ. ಅದನ್ನು ಹೇಳದ ವರದಿಯ ದಶಾಂಶ ಅಂಕಿಯನ್ನು ನಂಬಬೇಕಾಗಿಲ್ಲ.