ಎಂಟಿಂಚಿನ ಶವರ್, ಎಂಟಡಿ ನೀರು

ಬೆಂಗಳೂರಿನ ಹಲವು ಮನೆಗಳ ಮೇಲಿನ ಮಹಡಿಯಲ್ಲಿ ಒಂದು ದೃಶ್ಯ ಸಾಮಾನ್ಯ. ಬಾತ್‌ರೂಮಿನ ಗೋಡೆಯಿಂದ ಊಟದ ತಟ್ಟೆಯಷ್ಟು ಅಗಲದ, ಫಳಫಳ ಹೊಳೆಯುವ ರೇನ್ ಶವರ್ ಚಾಚಿಕೊಂಡಿರುತ್ತದೆ. ಅದರ ಕೆಳಗೇ ಬಕೆಟ್ಟು, ಮಗ್ಗು. ಎಣ್ಣೆ ಹಚ್ಚಿದ ಉದ್ದ ಕೂದಲಿನ ತಲೆಸ್ನಾನ ಮಗ್ಗಿನಲ್ಲೇ ಮುಗಿಯುತ್ತದೆ. ಶವರ್ ನೆಂಟರಿಗೆ ತೋರಿಸಲು ಮಾತ್ರ.

ತಪ್ಪು ಶವರ್‌ನದಲ್ಲ, ಲೆಕ್ಕದ್ದು. ಕೋಣೆಯ ಎತ್ತರ ಹತ್ತು ಅಡಿ, ಶವರ್ ಇರುವುದು ಏಳು ಅಡಿಯಲ್ಲಿ ಎಂದುಕೊಳ್ಳಿ. ತಾರಸಿಯ ಮೇಲೆ ಮೂರಡಿ ಕಟ್ಟೆ, ಅದರ ಮೇಲೆ ಟ್ಯಾಂಕು, ಟ್ಯಾಂಕಿನಲ್ಲಿ ಎರಡಡಿ ನೀರು. ಎಲ್ಲ ಕೂಡಿದರೆ ಶವರ್‌ನ ಮೇಲೆ ನಿಂತಿರುವ ನೀರು ಎಂಟು ಅಡಿ, ಅಂದರೆ ಸುಮಾರು 2.4 ಮೀಟರ್. ಹತ್ತು ಮೀಟರ್ ನೀರು ಹೆಚ್ಚುಕಡಿಮೆ ಒಂದು ಬಾರ್ ಒತ್ತಡ ಕೊಡುತ್ತದೆ. ಈ ಮನೆಗೆ ಸಿಗುವುದು ಕಾಲು ಬಾರ್‌ಗೂ ಒಂದಿಷ್ಟು ಕಡಿಮೆ.

ಶವರ್ ಡಬ್ಬಿಯ ಮೇಲಿನ ಲೀಟರ್ ಲೆಕ್ಕ ಸಾಮಾನ್ಯವಾಗಿ ಮೂರು ಬಾರ್ ಒತ್ತಡದ್ದು. ಒತ್ತಡ ನಾಲ್ಕನೇ ಒಂದಕ್ಕೆ ಇಳಿದರೆ ಹರಿವು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ನಿಮಿಷಕ್ಕೆ 16 ಲೀಟರ್ ಎಂದು ಬರೆದ ಶವರ್ ಇಲ್ಲಿ ಕೊಡುವುದು ನಾಲ್ಕೂವರೆ ಲೀಟರ್. ಪೈಪಿನ ತಿರುವುಗಳು ಅದರಲ್ಲೂ ಪಾಲು ಕೇಳುತ್ತವೆ. ಅದೇ ಕಟ್ಟಡದ ನೆಲಮಹಡಿಯವರಿಗೆ ಈ ತಾಪತ್ರಯ ಅಷ್ಟಿಲ್ಲ, ಒಂದೊಂದು ಮಹಡಿ ಇಳಿದಂತೆಯೂ ಹತ್ತಡಿ ನೀರಿನ ಒತ್ತಡ ಕೂಡಿಕೊಳ್ಳುತ್ತದೆ.

ಈಗ ತೂತುಗಳ ವಿಷಯ. ನಾಲ್ಕೂವರೆ ಲೀಟರ್ ಎಂದರೆ ಸೆಕೆಂಡಿಗೆ 75 ಮಿಲಿಲೀಟರ್. ಎಂಟಿಂಚಿನ ತಟ್ಟೆಯಲ್ಲಿ ನೂರು ತೂತುಗಳಿದ್ದರೆ ಒಂದೊಂದರ ಪಾಲು ಮುಕ್ಕಾಲು ಮಿಲಿಲೀಟರ್. ಆ ನೀರು ಚಿಮ್ಮುವುದಿಲ್ಲ, ಜಾರಿ ತೊಟ್ಟಿಕ್ಕುತ್ತದೆ. ಅದೇ ನೀರು ಮೂವತ್ತು ತೂತುಗಳಿಂದ ಬಂದರೆ ಒಂದೊಂದು ಎಳೆಗೂ ಎರಡೂವರೆ ಮಿಲಿಲೀಟರ್ ಸಿಕ್ಕಿ, ಎಳೆ ಗಟ್ಟಿಯಾಗಿ ನೇರವಾಗಿ ಬೀಳುತ್ತದೆ. ಕಡಿಮೆ ಒತ್ತಡದ ಮನೆಗೆ ಸಣ್ಣ ಮುಖದ ಶವರ್ ವಾಸಿ ಎಂದು ಅನುಭವಿ ಪ್ಲಂಬರ್‌ಗಳು ಹೇಳುವುದು ಇದಕ್ಕೇ.

ತಲೆಸ್ನಾನಕ್ಕೆ ಬೇಕಾದದ್ದು ಈ ಗಟ್ಟಿ ಎಳೆಯೇ. ಸೀಗೆಪುಡಿಯ ಹುಡಿಯಾಗಲಿ ಶಾಂಪೂ ನೊರೆಯಾಗಲಿ ಕೂತಿರುವುದು ಕೂದಲ ಬುಡದಲ್ಲಿ, ಅದರಲ್ಲೂ ಕಿವಿಯ ಹಿಂದೆ, ಕುತ್ತಿಗೆಯ ಮೇಲೆ. ಮೇಲಿನಿಂದ ಸುರಿಯುವ ಮಳೆ ದಟ್ಟ ಕೂದಲ ಮೇಲ್ಮೈಯಲ್ಲೇ ಹರಿದುಹೋಗುತ್ತದೆ. ಹ್ಯಾಂಡ್ ಶವರ್ ಆದರೆ ಬುಡಕ್ಕೇ ಹಿಡಿಯಬಹುದು. ಮುಖದ ನಡುವಿನ ತೂತುಗಳಿಂದ ಮಾತ್ರ ನೀರು ಬರುವ ಆಯ್ಕೆಯಿದ್ದರೆ ಇನ್ನೂ ಅನುಕೂಲ. ಅದಕ್ಕೆ ಇನ್ನೊಂದು ಗುಟ್ಟೂ ಇದೆ: ಏಳಡಿಯಿಂದ ಐದಡಿಗೆ ಇಳಿಸಿ ಹಿಡಿದರೆ ಎಂಟಡಿ ನೀರು ಹತ್ತಡಿಯಾಗುತ್ತದೆ. ಕಾಸು ಖರ್ಚಿಲ್ಲದೆ ಕಾಲು ಭಾಗ ಒತ್ತಡ ಹೆಚ್ಚಿದಂತೆ.

ಕೆಲಸದಿಂದ ಬಂದು ಬೆವರು ತೊಳೆದುಕೊಳ್ಳಲು ಇಷ್ಟೆಲ್ಲ ಬೇಡ. ಅಗಲವಾಗಿ ಹರಡುವ ಸಪೂರ ಎಳೆಗಳು, ನಿಮಿಷಕ್ಕೆ ಐದಾರು ಲೀಟರ್ ನೀರು ಸಾಕು. ಎರಡು ನಿಮಿಷದಲ್ಲಿ ಒಂದು ಬಕೆಟ್ಟಿಗಿಂತ ಕಡಿಮೆ ನೀರಿನಲ್ಲಿ ಸ್ನಾನ ಮುಗಿಯುತ್ತದೆ. ಮಂಜಿನಂತೆ ಸಿಂಪಡಿಸುವ ಶವರ್ ನೀರು ಉಳಿಸುತ್ತದೆ ನಿಜ, ಆದರೆ ಹನಿ ಸಣ್ಣದಾದಷ್ಟೂ ಗಾಳಿಯಲ್ಲಿ ಬೇಗ ತಣಿಯುತ್ತದೆ. ತಲೆಗೆ ಬಿಸಿ, ಮೊಣಕಾಲಿಗೆ ತಣ್ಣಗೆ. ಗಾಳಿ ಬೆರೆಸಿ ಎಳೆಯನ್ನು ದಪ್ಪಗೆ ತೋರಿಸುವ ಶವರ್‌ಗಳೂ ಇವೆ. ಗಾಳಿ ಎಳೆದುಕೊಳ್ಳಲು ಅವಕ್ಕೆ ಒಳ್ಳೆಯ ಒತ್ತಡ ಬೇಕು, ಕಾಲು ಬಾರ್‌ನಲ್ಲಿ ಅವು ಕೊಟ್ಟ ಹಣಕ್ಕೆ ನ್ಯಾಯ ಒದಗಿಸುವುದಿಲ್ಲ.

ಹಾಗಾದರೆ ಪ್ರೆಶರ್ ಪಂಪ್ ಹಾಕಿಸಿ ಧಾರಾಳವಾಗಿ ಸುರಿಸಿಕೊಂಡರೆ? ಗೀಸರ್ ಅಡ್ಡ ಬರುತ್ತದೆ. 15 ಲೀಟರಿನ ಗೀಸರ್ ನೀರನ್ನು 60 ಡಿಗ್ರಿಗೆ ಕಾಯಿಸಿದೆ, ತಣ್ಣೀರು 22 ಡಿಗ್ರಿ ಇದೆ ಎಂದಿಟ್ಟುಕೊಂಡರೆ, 40 ಡಿಗ್ರಿಯ ಹದದ ನೀರು ಸಿಗುವುದು ಸುಮಾರು 32 ಲೀಟರ್. ನಿಮಿಷಕ್ಕೆ 8 ಲೀಟರಿನ ಶವರ್ ಅದನ್ನು ನಾಲ್ಕು ನಿಮಿಷದಲ್ಲಿ ಮುಗಿಸುತ್ತದೆ. ಉದ್ದ ಕೂದಲು ಅಷ್ಟರಲ್ಲಿ ಅರ್ಧ ತೊಳೆದಿರುತ್ತದೆ. ಮೂರು ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್‌ನ ಕಷ್ಟ ಇನ್ನೊಂದು ಬಗೆಯದು. ನಿಮಿಷಕ್ಕೆ ಎರಡು ಲೀಟರ್ ಹರಿದರೆ ನೀರು 21 ಡಿಗ್ರಿ ಕಾಯುತ್ತದೆ, ಆರು ಲೀಟರ್ ಹರಿಸಿದರೆ ಏಳೇ ಡಿಗ್ರಿ. ಅಂಥ ಮನೆಯಲ್ಲಿ ತಲೆಸ್ನಾನಕ್ಕೆ ಬಕೆಟ್ಟು ತುಂಬಿಸಿಕೊಳ್ಳುವವರೇ ಜಾಣರು.

ಅಂಗಡಿಗೆ ಹೋಗುವ ಮೊದಲು ಶವರ್ ಕೆಳಗೆ ಬಕೆಟ್ಟಿಟ್ಟು ಒಂದು ನಿಮಿಷ ಬಿಟ್ಟು, ಲೀಟರ್ ಗುರುತಿನ ಮಗ್ಗಿನಲ್ಲಿ ಅಳೆಯಬೇಕು. ನಾಲ್ಕು ಲೀಟರ್ ಕೂಡ ಬರದಿದ್ದರೆ ಶವರ್ ಬಿಚ್ಚಿ, ಬರೀ ಪೈಪಿನ ನೀರನ್ನೂ ಅಳೆಯಬೇಕು. ಪೈಪಿನಲ್ಲಿ ಭರ್ತಿಯಾಗಿ ಬಂದರೆ ಅಡಚಣೆ ಶವರ್‌ನೊಳಗೇ ಇದೆ. ಬೋರ್‌ವೆಲ್ಲಿನ ಗಡಸು ನೀರಿರುವಲ್ಲಿ ತೂತುಗಳಿಗೆ ಬಿಳಿ ಸುಣ್ಣ ಕಟ್ಟಿ ಎಳೆಗಳು ಅಡ್ಡಾದಿಡ್ಡಿ ಹಾರುತ್ತವೆ. ರಬ್ಬರಿನ ಮೃದು ನಾಜಲ್ ಆದರೆ ಹೆಬ್ಬೆರಳಿನಿಂದ ಉಜ್ಜಿದರೆ ಉದುರುತ್ತದೆ, ಗಟ್ಟಿ ಪ್ಲಾಸ್ಟಿಕ್ ಆದರೆ ವಿನೆಗರ್‌ನಲ್ಲಿ ನೆನೆಹಾಕಬೇಕು. ತಿರುಪಿನ ಬಾಯಲ್ಲಿ ಹರಿವು ತಗ್ಗಿಸುವ ಸಣ್ಣ ಬಿಲ್ಲೆಯೂ ಇರಬಹುದು. ಜೋರು ಒತ್ತಡದ ಮನೆಯಲ್ಲಿ ಅದು ನೀರು ಉಳಿಸುತ್ತದೆ, ಎಂಟಡಿ ನೀರಿನ ಮನೆಯಲ್ಲಿ ಬರೀ ಅಡ್ಡಿ. ಅದರ ಪಕ್ಕದ ಜಾಲರಿಯನ್ನೂ ಬಿಚ್ಚಿ ನೋಡಿದರೆ, ಪೈಪ್ ಕೂಡಿಸಿದ ದಿನ ಪ್ಲಂಬರ್ ಸುತ್ತಿದ ಟೆಫ್ಲಾನ್ ಟೇಪಿನ ಚೂರು ಅಲ್ಲೇ ಮುದುಡಿ ಕೂತಿರುವುದುಂಟು.