ಬಿಟ್ಟ ಸ್ಥಳವನ್ನು ಎಲ್ಲಿ ಬಿಡಬೇಕು?

ಪುತ್ತೂರು, ಸುಳ್ಯ, ಕಡಬದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದೇ ಬೆಂಚಿನಲ್ಲಿ ಕುಳಿತ ನಾಲ್ವರು ಮಕ್ಕಳ ಮನೆಮಾತು ನಾಲ್ಕು ಬಗೆಯದಿರಬಹುದು: ತುಳು, ಅರೆಭಾಷೆ, ಹವ್ಯಕ, ಬ್ಯಾರಿ. ಇಂಗ್ಲಿಷ್ ಇವರೆಲ್ಲರಿಗೂ ಶಾಲೆಯಲ್ಲೇ ಕಲಿಯಬೇಕಾದ ಭಾಷೆ. ಇವರಿಗೆ ವ್ಯಾಕರಣ ಎಷ್ಟು ಬಂದಿದೆ ಎಂದು ತಿಳಿಯಲು ಮೇಷ್ಟ್ರು ಒಂದು ಪ್ಯಾರಾ ಕೊಟ್ಟು, ನಡುನಡುವೆ ಪದ ತೆಗೆದು, 'ಬಿಟ್ಟ ಸ್ಥಳ ತುಂಬಿರಿ' ಎನ್ನುತ್ತಾರೆ. ಇಂಥ ಪ್ಯಾರಾಕ್ಕೆ ಕ್ಲೋಜ್ ಎಂಬ ಹೆಸರಿದೆ. ಯಾವ ಪದವನ್ನು ತೆಗೆಯಬೇಕು ಎನ್ನುವುದೇ ಈ ಅಧ್ಯಾಯದ ವಿಷಯ.

ಕ್ಲೋಜ್ ವಿಧಾನವನ್ನು 1953ರಲ್ಲಿ ಮುಂದಿಟ್ಟವರು ಅಮೆರಿಕದ ವಿಲ್ಸನ್ ಟೇಲರ್. ಒಂದು ಬರಹ ಓದುಗರಿಗೆ ಎಷ್ಟು ಸುಲಭ ಎಂದು ಅಳೆಯುವುದು ಅವರ ಉದ್ದೇಶವಾಗಿತ್ತು. ಅದಕ್ಕಾಗಿ ಲೆಕ್ಕ ಹಾಕಿ ಇಂತಿಷ್ಟು ಪದಗಳಿಗೊಂದರಂತೆ ಪದ ತೆಗೆದರು. ಬರಹವನ್ನು ಅಳೆಯಲು ಹುಟ್ಟಿದ ಈ ಲೆಕ್ಕವನ್ನು ಮುಂದೆ ಭಾಷೆ ಕಲಿಯುವವರನ್ನು ಅಳೆಯಲೂ ಬಳಸತೊಡಗಿದರು. ತೊಂದರೆ ಶುರುವಾದದ್ದು ಅಲ್ಲಿಂದ. ಒಂದು ಪ್ಯಾರಾದಲ್ಲೇ ಅದನ್ನು ನೋಡಬಹುದು. ಓದಲು ಅನುಕೂಲವಾಗಲೆಂದು ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ.

'ಮೈ ಅಂಕಲ್ ಗ್ರೋಸ್ ಅರೆಕಾ ನಿಯರ್ ಸುಳ್ಯ. ಎವೆರಿ ಮೇ ಹಿ ಸ್ಪ್ರೇಸ್ ದ ಬಂಚಸ್ ಬಿಫೋರ್ ದ ರೇನ್ ಕಮ್ಸ್. ಲಾಸ್ಟ್ ಇಯರ್ ದ ರೇನ್ ಕೇಮ್ ಅರ್ಲಿ. ದ ಮ್ಯಾನ್ ಹೂ ಕ್ಲೈಂಬ್ಸ್ ದ ಪಾಮ್ಸ್ ಹ್ಯಾಡ್ ಗಾನ್ ಟು ಕಡಬ, ಅಂಡ್ ಹಿ ರಿಟರ್ನ್ಡ್ ಆನ್ ಮಂಡೇ. ಬೈ ದೆನ್ ಮೆನಿ ನಟ್ಸ್ ಹ್ಯಾಡ್ ಆಲ್‌ರೆಡಿ ಫಾಲನ್. ಇಫ್ ವಿ ಹ್ಯಾಡ್ ಸ್ಪ್ರೇಡ್ ಇನ್ ಟೈಮ್, ವಿ ವುಡ್ ಹ್ಯಾವ್ ಸೇವ್ಡ್ ದ ಕ್ರಾಪ್, ಮೈ ಆಂಟ್ ಸೆಡ್.'

ಏಳು ಪದಕ್ಕೊಂದರಂತೆ ತೆಗೆದರೆ ಎಂಟು ಬಿಟ್ಟ ಸ್ಥಳಗಳು ಸಿಗುತ್ತವೆ: ಎವೆರಿ, ದ, ಕೇಮ್, ಪಾಮ್ಸ್, ರಿಟರ್ನ್ಡ್, ಹ್ಯಾಡ್, ಇನ್, ಕ್ರಾಪ್. ಈಗ ಒಂದೊಂದನ್ನೂ ಪರೀಕ್ಷಿಸೋಣ. ಪಾಮ್ಸ್ ಇದ್ದಲ್ಲಿ ಟ್ರೀಸ್ ಎಂದರೂ ಸರಿ. ಕ್ರಾಪ್ ಬದಲು ನಟ್ಸ್ ಬರೆದರೂ ಸರಿ. ಇವೆರಡನ್ನೂ ಅಡಿಕೆ ತೋಟ ಕಂಡ ಮಗು ವ್ಯಾಕರಣದ ಗಂಧವಿಲ್ಲದೆಯೂ ತುಂಬುತ್ತದೆ. ಕೇಮ್ ತೆಗೆದ ಜಾಗಕ್ಕೆ ಬಿಗ್ಯಾನ್, ಸ್ಟಾರ್ಟೆಡ್ ಎರಡೂ ಕೂರುತ್ತವೆ. 'ಬಿಫೋರ್ ದ ರೇನ್' ಎನ್ನುವಲ್ಲಿ ಹೆವಿ ಎಂದು ಬರೆದ ಮಗುವನ್ನೂ ತಪ್ಪು ಎನ್ನಲಾಗದು. ಇನ್ ಟೈಮ್, ಆನ್ ಟೈಮ್ ಎರಡೂ ಇಂಗ್ಲಿಷೇ. ಮೂಲರೂಪ ಕೊಡದಿದ್ದರೆ ರಿಟರ್ನ್ಡ್ ಬದಲು ಕೇಮ್, ಎವೆರಿ ಬದಲು ಇನ್ ಬರೆದರೂ ಸರಿಯೇ. ವ್ಯಾಕರಣವನ್ನು ನಿಜವಾಗಿ ಪರೀಕ್ಷಿಸುವುದು ಹ್ಯಾಡ್ ಒಂದೇ. ಎಣಿಕೆ ಎರಡನೆಯ ಪದದಿಂದ ಶುರುವಾಗಿದ್ದರೆ ಅದೂ ತಪ್ಪಿಹೋಗುತ್ತಿತ್ತು. ಎಷ್ಟನೆಯ ಪದ ತೆಗೆಯುತ್ತೇವೆ ಎಂಬುದು ಬದಲಾದರೆ ಪರೀಕ್ಷೆ ಅಳೆಯುವುದೇ ಬದಲಾಗಬಹುದು ಎಂದು ಚಾರ್ಲ್ಸ್ ಆಲ್ಡರ್ಸನ್ 1979ರಲ್ಲೇ ತೋರಿಸಿದ್ದರು.

ಹಾಗಾಗಿ ಎಣಿಸುವುದನ್ನು ಬಿಟ್ಟು ಆರಿಸಬೇಕು. ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವುದು ಇದು: ಉತ್ತರವನ್ನು ಕಟ್ಟಿಹಾಕುವ ಸುಳಿವು ಪ್ಯಾರಾದೊಳಗೆ ಎಲ್ಲಿದೆ? ಅದರ ಮೇಲೆ ಬೆರಳಿಡಲು ಆಗದಿದ್ದರೆ ಆ ಸ್ಥಳವನ್ನು ಬಿಡಬಾರದು. ಎರಡನೆಯದು, ಅರ್ಥವನ್ನು ನಾವೇ ಕೊಟ್ಟುಬಿಡಬೇಕು. ಕ್ರಿಯಾಪದದ ಮೂಲರೂಪವನ್ನು ಪಕ್ಕದಲ್ಲೇ ಬರೆದರೆ ಮಗುವಿನ ಮುಂದೆ ರೂಪದ ಪ್ರಶ್ನೆಯೊಂದೇ ಉಳಿಯುತ್ತದೆ.

ಸ್ಪ್ರೇಸ್ ಎಂಬುದನ್ನು ತೆಗೆದು ಪಕ್ಕದಲ್ಲಿ ಸ್ಪ್ರೇ ಎಂದು ಕೊಡೋಣ. ಎವೆರಿ ಮೇ ಎಂಬುದರಿಂದ ಇದು ವರ್ಷವರ್ಷದ ರೂಢಿ ಎಂದು ತಿಳಿಯುತ್ತದೆ. ಕೊನೆಯ ಎಸ್ ಬೇಕೆಂದು ಹಿ ಹೇಳುತ್ತದೆ. ಇದು ಹಿಂದಿನ ಕಾಲವಲ್ಲ ಎಂದು ಅದೇ ವಾಕ್ಯದ ಕಮ್ಸ್ ಹೇಳುತ್ತದೆ. ಬಹಳ ಪ್ರಶ್ನೆಪತ್ರಿಕೆಗಳು ಎಡವುವುದು ಇಲ್ಲಿಯೇ. ಸ್ಪ್ರೇಸ್ ಜೊತೆ ಕಮ್ಸ್ ಅನ್ನೂ ತೆಗೆದರೆ ಸ್ಪ್ರೇಡ್, ಕೇಮ್ ಎಂಬ ಜೋಡಿಯೂ ಸರಿಯಾಗಿಬಿಡುತ್ತದೆ. ಎರಡು ಸ್ಥಳಗಳು ಒಂದರ ಸುಳಿವನ್ನು ಇನ್ನೊಂದು ತಿಂದುಹಾಕಬಾರದು. ಕೊನೆಯ ವಾಕ್ಯಕ್ಕೂ ಇದೇ ಮಾತು. ಹ್ಯಾಡ್ ಸ್ಪ್ರೇಡ್ ಅನ್ನು ಹಾಗೆಯೇ ಉಳಿಸಿ ವುಡ್ ಹ್ಯಾವ್ ಸೇವ್ಡ್ ಅನ್ನಷ್ಟೇ ತೆಗೆಯಬೇಕು. ಅಲ್ಲಿ ಕುಡ್ ಹ್ಯಾವ್ ಸೇವ್ಡ್ ಎಂದು ಬರೆದವರಿಗೂ ಪೂರ್ಣ ಅಂಕ ಎಂದು ಉತ್ತರಸೂಚಿಯಲ್ಲಿ ಮೊದಲೇ ಬರೆದಿಡಬೇಕು.

ರಿಟರ್ನ್ಡ್ ಇನ್ನೂ ನಾಜೂಕಿನ ಜಾಗ. ನಮ್ಮ ಮಕ್ಕಳು ಇಲ್ಲಿ ಹ್ಯಾಸ್ ರಿಟರ್ನ್ಡ್ ಎಂದು ಬರೆಯುತ್ತಾರೆ. ಅದಕ್ಕೆ ಕಾರಣವಿದೆ. 'ಬಂದ', 'ಬಂದಿದ್ದಾನೆ' ಎರಡೂ ಕನ್ನಡದಲ್ಲಿವೆ. ತುಳುವಿನಲ್ಲೂ ಬತ್ತೆ ಬೇರೆ, ಬೈದೆ ಬೇರೆ. ಆದ್ದರಿಂದ ಈ ಭೇದ ಮಕ್ಕಳಿಗೆ ಹೊಸದಲ್ಲ. ಆದರೆ ಕನ್ನಡದಲ್ಲಿ 'ಅವನು ಸೋಮವಾರವೇ ಬಂದಿದ್ದಾನೆ' ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಆನ್ ಮಂಡೇ ಎಂದು ಮುಗಿದ ದಿನವನ್ನು ಹೆಸರಿಸಿದ ಕೂಡಲೇ ಹ್ಯಾಸ್ ಹೊರಗೆ ಹೋಗಬೇಕು. ಹೀಗೆ ಮನೆಮಾತಿನ ದಾರಿಯಲ್ಲಿ ನಡೆದು ತಪ್ಪುವ ತಾಣಗಳಲ್ಲಿ ಸ್ಥಳ ಬಿಟ್ಟರೆ ಕಲಿತ ಮಗು ಯಾವುದು, ಇನ್ನೂ ಕಲಿಯಬೇಕಾದ ಮಗು ಯಾವುದು ಎಂದು ಕಾಣುತ್ತದೆ.

ಈ ಜಾಗದಲ್ಲಿ ಬರೆಯಲು ಬಿಟ್ಟರೆ ಕೆಲವರು ಹ್ಯಾಡ್ ರಿಟರ್ನ್ಡ್ ಎನ್ನುತ್ತಾರೆ, ವಾದಕ್ಕೆ ಎಡೆಯಾಗುತ್ತದೆ. ಆದ್ದರಿಂದ ಇಲ್ಲಿ ಆಯ್ಕೆ ಕೊಡುವುದು ಮೇಲು: ರಿಟರ್ನ್ಡ್, ಹ್ಯಾಸ್ ರಿಟರ್ನ್ಡ್, ರಿಟರ್ನ್ಸ್. ಆಯ್ಕೆ ಕೊಟ್ಟಲ್ಲಿ ಅದೃಷ್ಟವೂ ಜೊತೆಗೆ ಬರುತ್ತದೆ. ಹತ್ತು ಪ್ರಶ್ನೆಗೆ ನಾಲ್ಕು ನಾಲ್ಕು ಆಯ್ಕೆ ಇದ್ದರೆ ಕಣ್ಣುಮುಚ್ಚಿ ಗುರುತು ಹಾಕಿದವರಿಗೂ ಸರಾಸರಿ ಎರಡೂವರೆ ಅಂಕ ಸಿಗುತ್ತದೆ. ಆ ನಾಲ್ಕರಲ್ಲಿ ಎರಡು ನೋಡಿದೊಡನೆ ತಳ್ಳಿಹಾಕುವಂತಿದ್ದರೆ ಅದು ಐದಕ್ಕೇರುತ್ತದೆ. ಹೆಸರಿಗೆ ನಾಲ್ಕು ಆಯ್ಕೆ ತುಂಬಿಸುವುದಕ್ಕಿಂತ ಮಕ್ಕಳ ನೋಟ್‌ಬುಕ್ಕಿನಿಂದಲೇ ಹೆಕ್ಕಿದ ಎರಡು ನಿಜವಾದ ತಪ್ಪುಗಳನ್ನು ಸರಿಯುತ್ತರದ ಜೊತೆ ಇಡುವುದು ಒಳ್ಳೆಯದು. ಉಳಿದ ಕಡೆ ಮಗುವೇ ಬರೆಯಲಿ.

ಇಷ್ಟೆಲ್ಲ ಮಾಡಿದ ಮೇಲೂ ಸ್ಥಳ ಸರಿಯಾಗಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆಗಳಿವೆ. ಮೊದಲನೆಯದನ್ನು ಮಕ್ಕಳಿಗೆ ಕೊಡುವ ಮುನ್ನವೇ ಮಾಡಬಹುದು. ಪ್ಯಾರಾ ತೋರಿಸದೆ, 'ಮೆನಿ ನಟ್ಸ್ ___ ಆಲ್‌ರೆಡಿ ಫಾಲನ್' ಎಂಬ ತುಂಡನ್ನಷ್ಟೇ ಸಹೋದ್ಯೋಗಿಗೆ ಕೊಡಿ. ಅವರಿಗೆ ಹ್ಯಾವ್ ಕೂಡ ಸರಿ, ಹ್ಯಾಡ್ ಕೂಡ ಸರಿ ಎನ್ನಿಸಬೇಕು. ಲಾಸ್ಟ್ ಇಯರ್, ಬೈ ದೆನ್ ಎರಡನ್ನೂ ಓದಿದ ಮೇಲೆ ಹ್ಯಾಡ್ ಒಂದೇ ಉಳಿಯಬೇಕು. ಹಾಗಾದರೆ ಆ ಸ್ಥಳಕ್ಕೆ ಪ್ಯಾರಾ ಬೇಕೇ ಬೇಕು ಎಂದಾಯಿತು. ಸ್ಪ್ರೇಸ್‌ನಂಥದ್ದು ಒಂದೇ ವಾಕ್ಯದೊಳಗೆ ತೀರ್ಮಾನವಾಗುವ ಪ್ರಶ್ನೆ. ಅದೂ ಇರಲಿ, ಆದರೆ ಎಲ್ಲವೂ ಅಂಥವೇ ಆದರೆ ಬಿಡಿ ವಾಕ್ಯಗಳನ್ನೇ ಕೊಟ್ಟರೆ ಸಾಕಿತ್ತು.

ಎರಡನೆಯದನ್ನು ಪೇಪರ್ ತಿದ್ದಿದ ಮೇಲೆ ಮಾಡಬೇಕು. ಮೂವತ್ತು ಮಕ್ಕಳ ತರಗತಿಯಾದರೆ ಒಟ್ಟು ಅಂಕದ ಪ್ರಕಾರ ಮೇಲಿನ ಹತ್ತು, ಕೆಳಗಿನ ಹತ್ತು ಪೇಪರ್‌ಗಳನ್ನು ಬೇರೆ ಇಡಿ. ಒಂದು ಸ್ಥಳವನ್ನು ಮೇಲಿನ ಹತ್ತರಲ್ಲಿ ಎಂಟು ಮಂದಿ, ಕೆಳಗಿನ ಹತ್ತರಲ್ಲಿ ಮೂವರು ಸರಿ ಮಾಡಿದ್ದರೆ ಅದನ್ನು ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಬಹುದು. ಎರಡೂ ಕಡೆ ಒಂಬತ್ತೊಂಬತ್ತು ಮಂದಿ ಸರಿ ಮಾಡಿದ್ದರೆ ಅದು ಯಾರನ್ನೂ ಬೇರ್ಪಡಿಸಲಿಲ್ಲ. ಮೇಲಿನವರಲ್ಲಿ ನಾಲ್ವರು, ಕೆಳಗಿನವರಲ್ಲಿ ಆರು ಮಂದಿ ಸರಿ ಮಾಡಿದ್ದರೆ ಮಕ್ಕಳನ್ನು ಗದರಿಸುವ ಮೊದಲು ಉತ್ತರಸೂಚಿ ತೆರೆಯಿರಿ. ಚೆನ್ನಾಗಿ ಓದುವವರು ಇನ್ನೊಂದು ಸರಿಯುತ್ತರವನ್ನು ಕಂಡಿರುತ್ತಾರೆ, ಸೂಚಿಯಲ್ಲಿ ಅದು ಇರುವುದಿಲ್ಲ. ಅಂಥ ಪೇಪರ್‌ಗಳನ್ನು ಮತ್ತೆ ತಿದ್ದಿ ಅಂಕ ಸೇರಿಸಿ, ಆ ಸ್ಥಳವನ್ನು ಮುಂದಿನ ಸಲ ಬೇರೆ ಕಡೆ ಬಿಡಬೇಕು.